ಆಯಸ್ಕಾಂತ ಹಚ್ಚಿದ ಬೇಸ್‌ಗಳು: ಡಿಎನ್‌ಎ ಜೋಡಿ ಕೈಯಲ್ಲಿ ಕೂಡಿದ ಬಗೆ

ಬೋರ್ಡಿನ ಮೇಲೆ ಅಡಿನಿನ್-ಥೈಮಿನ್ ನಡುವೆ ಹೈಡ್ರೋಜನ್ ಬಂಧದ ಎರಡು ಗೆರೆ, ಗ್ವಾನಿನ್-ಸೈಟೋಸಿನ್ ನಡುವೆ ಮೂರು ಗೆರೆ ಎಳೆದರೆ ಸಾಕು, ಇದಕ್ಕೆ ಮಾದರಿ ಯಾಕೆ ಎಂದವರೇ ಹೆಚ್ಚು. ಆದರೆ ಅಡಿನಿನ್‌ಗೆ ಸೈಟೋಸಿನ್ ಯಾಕೆ ಕೂಡುವುದಿಲ್ಲ ಎಂಬುದು ಗೆರೆಯಿಂದ ಗೊತ್ತಾಗುವುದಿಲ್ಲ. ಈಗಿನ ಸೆಟ್‌ನಲ್ಲಿ ಆ ಎರಡನ್ನು ಹತ್ತಿರ ತಂದರೆ ಕೈಯನ್ನೇ ಹಿಂದಕ್ಕೆ ದೂಡುತ್ತದೆ.

ಇದು ಈ ನಾಲ್ಕು ಬೇಸ್‌ಗಳ ಮೂರನೇ ಸೆಟ್. ಮೊದಲನೆಯದು ರಟ್ಟಿನದು, ಕಾರವಾರದ ಜುಲೈ ತಿಂಗಳ ಹಸಿಗೆ ಉಬ್ಬಿ ಅಳತೆಯೇ ಹೋಯಿತು. ಎರಡನೆಯದು ಪ್ಲೈವುಡ್, ಸುಮಾರು 900 ರೂಪಾಯಿ ನುಂಗಿತು. ತೂಕಕ್ಕೆ ಆಯಸ್ಕಾಂತ ಹಿಡಿಯಲೇ ಇಲ್ಲ. ಈಗಿನದು ಬೋರ್ಡ್ ಬರೆಯುವವರ ಅಂಗಡಿಯಲ್ಲಿ ಉಳಿದ 5 ಮಿ.ಮೀ. ಸನ್‌ಬೋರ್ಡ್ ತುಂಡುಗಳು. ಒಂದು ಸೆಟ್‌ಗೆ 11 ಆಯಸ್ಕಾಂತ ಬಿಲ್ಲೆ, ನಾಲ್ಕು ಸೆಟ್‌ಗೆ 44. ಬಿಲ್ಲೆಗೆ 9-10 ರೂಪಾಯಿ ಬಿದ್ದ ನೆನಪು. ಎಲ್ಲ ಸೇರಿ 700ರೊಳಗೆ ಮುಗಿಯಿತು. ಬಿಲ್ಲೆಯ ಹೊಳಪು ಪದರ ಗೀರಿದರೆ ಉಪ್ಪುಗಾಳಿಗೆ ತಿಂಗಳೊಪ್ಪತ್ತಿನಲ್ಲಿ ತುಕ್ಕು ಹಿಡಿಯುತ್ತದೆ, ಮೇಲೆ ತೆಳುವಾಗಿ ನೇಲ್‌ಪಾಲಿಶ್ ಹಚ್ಚಿ.

ಅಳತೆ: 1 ಆಂಗ್‌ಸ್ಟ್ರಾಮ್‌ಗೆ 2 ಸೆಂ.ಮೀ. ಷಟ್ಕೋನದ ಬದಿ 2.8 ಸೆಂ.ಮೀ. ಆಗುತ್ತದೆ. ಹೈಡ್ರೋಜನ್ ಕೊಡುವ ಕಡೆ ಉತ್ತರ ಧ್ರುವ ಹೊರಗೆ, ತೆಗೆದುಕೊಳ್ಳುವ ಕಡೆ ದಕ್ಷಿಣ ಧ್ರುವ ಹೊರಗೆ. ಇಲ್ಲಿ ಬಹಳ ಜನ ಎಡವುವುದು ತುದಿಗೆ ಬಿಲ್ಲೆ ಕೂರಿಸುವ ತೋಳಿನ ಉದ್ದದಲ್ಲಿ. ಬಿಲ್ಲೆಗಳು ಒಂದಕ್ಕೊಂದು ತಾಗಿಯೇ ನಿಲ್ಲುತ್ತವೆ, ಹಾಗಾಗಿ ಹೈಡ್ರೋಜನ್ ಬಂಧದ ಉದ್ದವನ್ನು ತೋಳಿಗೇ ಕೊಡಬೇಕು. ಕೊಡುವ ತೋಳು 2 ಸೆಂ.ಮೀ., ತೆಗೆದುಕೊಳ್ಳುವ ತೋಳು 3.8 ಸೆಂ.ಮೀ.; ಕೂಡಿದರೆ 5.8, ಅಂದರೆ 2.9 ಆಂಗ್‌ಸ್ಟ್ರಾಮ್. ಒಂದು ಬೇಸ್‌ನ ತೋಳುಗಳೆಲ್ಲ ಸಮಾನಾಂತರವಾಗಿರಬೇಕು. ಅಡಿನಿನ್‌ನ 6ನೇ ಕಾರ್ಬನ್‌ನಿಂದ ಅಮೈನೋ ಗುಂಪು ಓರೆಯಾಗಿ ಹೊರಡುತ್ತದೆ, ಅದರ ಹೈಡ್ರೋಜನ್ 60 ಡಿಗ್ರಿ ತಿರುಗಿ 1ನೇ ನೈಟ್ರೋಜನ್‌ನ ತೋಳಿನ ದಿಕ್ಕಿಗೇ ಬರುತ್ತದೆ. ಓರೆಯಲ್ಲೇ ನೇರ ಅಂಟಿಸಿದರೆ ಯಾವ ಜೋಡಿಯೂ ಕೂಡುವುದಿಲ್ಲ. ಕೊನೆಗೆ ಒಂದೆರಡು ಮಿ.ಮೀ. ಉಜ್ಜುವುದು ಇದ್ದೇ ಇದೆ.

ಬಿಡಿ ಬೇಸ್‌ನ ಚಿತ್ರ ನೋಡಿ ಪ್ಯೂರಿನ್‌ನ, ಅಂದರೆ ಅಡಿನಿನ್ ಮತ್ತು ಗ್ವಾನಿನ್‌ನ, 9ನೇ ನೈಟ್ರೋಜನ್‌ಗೂ ಆಯಸ್ಕಾಂತ ಹಚ್ಚಿದ್ದು ಮೊದಲ ಸೆಟ್‌ನ ದೊಡ್ಡ ತಪ್ಪು. ಬೇಸ್‌ಗೆ ಸಕ್ಕರೆ ಸೇರಿ ನ್ಯೂಕ್ಲಿಯೋಸೈಡ್ ಆದಾಗ ಅಲ್ಲಿಯ ಹೈಡ್ರೋಜನ್ ಹೋಗಿ ಸಕ್ಕರೆಯ 1ನೇ ಕಾರ್ಬನ್ ಬಂದು ಕೂರುತ್ತದೆ. ಪಿರಿಮಿಡಿನ್‌ಗಳಾದ ಥೈಮಿನ್, ಸೈಟೋಸಿನ್‌ನಲ್ಲಿ ಆ ಜಾಗ 1ನೇ ನೈಟ್ರೋಜನ್. ಅಲ್ಲಿ 3 ಸೆಂ.ಮೀ. ಪಟ್ಟಿ ಅಂಟಿಸಿ ತುದಿಗೆ ತೂತು ಹಾಕಿ, ಅದೇ ಸಕ್ಕರೆಯ ಗುರುತು. ಸಕ್ಕರೆಯ 5ನೇ ಕಾರ್ಬನ್‌ಗೆ ಫಾಸ್ಫೇಟ್ ಸೇರಿದರೆ ನ್ಯೂಕ್ಲಿಯೋಟೈಡ್. ಜೋಡಿ ನೋಡಲು ಅದು ಬೇಕಿಲ್ಲ.

ಇಷ್ಟು ಮಾಡಿದ ಮೇಲೂ ಮಾದರಿ ಸುಳ್ಳು ಹೇಳಿತು. ಥೈಮಿನ್ ಅನ್ನು ಮಗುಚಿ ಇಟ್ಟರೂ ಅಡಿನಿನ್‌ಗೆ ಗಟ್ಟಿಯಾಗಿ ಕಚ್ಚಿಕೊಂಡಿತು! ಕಾರಣ, ಥೈಮಿನ್‌ನ 3ನೇ ನೈಟ್ರೋಜನ್‌ನ ಎರಡೂ ಪಕ್ಕದಲ್ಲಿ ಆಕ್ಸಿಜನ್ ಇದೆ. 4ರದ್ದರ ಬದಲು 2ರದ್ದು ಬಂದು ಕೂತಿತು. ಸೈಟೋಸಿನ್ ಹೀಗೆ ಮೋಸ ಮಾಡುವುದಿಲ್ಲ, ಮಗುಚಿದರೆ ಗ್ವಾನಿನ್‌ನಿಂದ ದೂರ ಸರಿಯುತ್ತದೆ. ಗ್ವಾನಿನ್-ಥೈಮಿನ್ ಕೂಡ ನೇರ ಇಟ್ಟರೆ ದೂಡುತ್ತವೆ, ಒಂದು ತೋಳಿನಷ್ಟು ಜಾರಿಸಿದರೆ ಎರಡು ಬಂಧದಲ್ಲಿ ಕೂಡುತ್ತವೆ. ಇದು ಕಲ್ಪನೆಯದಲ್ಲ: ಕ್ರಿಕ್ 1966ರಲ್ಲಿ ಕೋಡಾನ್‌ನ ಮೂರನೇ ಸ್ಥಾನಕ್ಕೆ ಹೇಳಿದ ಗ್ವಾನಿನ್-ಯುರಾಸಿಲ್ ಜೋಡಿಯೂ ಹೀಗೆಯೇ ಜಾರಿ ಕೂಡುವಂಥದು; ಆರ್‌ಎನ್‌ಎಯಲ್ಲಿ ಥೈಮಿನ್ ಜಾಗದಲ್ಲಿರುವುದೇ ಯುರಾಸಿಲ್.

ಎರಡಕ್ಕೂ ಪರಿಹಾರ ಒಂದೇ ಹಲಗೆ. 21.6 ಸೆಂ.ಮೀ. ದೂರದಲ್ಲಿ ಎರಡು ಮೊಳೆ ಹೊಡೆದು ಪಟ್ಟಿಯ ತೂತು ಅದಕ್ಕೆ ಸಿಕ್ಕಿಸಬೇಕು. ಒಂದೊಂದೇ ಮೊಳೆ ಇದ್ದರೆ ಪಟ್ಟಿ ತಿರುಗಿ ಜಾರಿದ ಜೋಡಿಯೂ ಕೂತುಬಿಡುತ್ತದೆ. ಅದಕ್ಕೆ ಪ್ರತಿ ಪಟ್ಟಿಗೂ ಎರಡನೇ ಮೊಳೆ ಕೊಟ್ಟು, ಎರಡೂ ಸಕ್ಕರೆ ಸೇರಿಸುವ ಗೆರೆಗೆ ಸುಮಾರು 54 ಡಿಗ್ರಿ ಕೋನದಲ್ಲಿ ಬಂಧಿಸಬೇಕು. ಸರಿಯಾದ ಎರಡು ಜೋಡಿಗಳೂ ಇದೇ ನಾಲ್ಕು ಮೊಳೆಗೆ ಕೂರುತ್ತವೆ. ಮಗುಚಿದ ಥೈಮಿನ್‌ನ ಪಟ್ಟಿ ಎದುರು ಬದಿಗೆ ಹೋಗುತ್ತದೆ, ಜಾರಿದ ಥೈಮಿನ್‌ಗೆ ಕೋನ ಸಿಗುವುದಿಲ್ಲ.

ಕಡೆಗೊಂದು ಪಕ್ಕದ ಪ್ರಯೋಗ. 1953ರಲ್ಲಿ ವಾಟ್ಸನ್ ರಟ್ಟಿನ ಬೇಸ್‌ಗಳನ್ನು ಕೂಡಿಸುವಾಗ ಮೊದಲು ಹೈಡ್ರೋಜನ್ ಆಕ್ಸಿಜನ್ ಮೇಲೆ ಕೂತ ಈನಾಲ್ ರೂಪ ಹಿಡಿದು ಹೊರಟಿದ್ದರು; ಅದು ನೈಟ್ರೋಜನ್ ಮೇಲೆ ಕೂತ ಕೀಟೋ ರೂಪ ಬಳಸಿ ಎಂದವರು ರಸಾಯನ ವಿಜ್ಞಾನಿ ಜೆರ್ರಿ ಡೊನೊಹ್ಯೂ. ಒಂದು ಗ್ವಾನಿನ್‌ನ ತೋಳು ಬದಲಿಸಿ ಈನಾಲ್ ಮಾಡಿದೆ: 6ರ ಆಕ್ಸಿಜನ್ ಕೊಡುವುದು, 1ನೇ ನೈಟ್ರೋಜನ್ ತೆಗೆದುಕೊಳ್ಳುವುದು. ಸೈಟೋಸಿನ್ ದೂರ ಸರಿಯಿತು. ಥೈಮಿನ್ ಮೂರು ಬಂಧದಲ್ಲಿ ಬಂದು ನಾಲ್ಕೂ ಮೊಳೆಗೆ ಸರಿಯಾಗಿ ಕೂತಿತು. ತೋಳು ಕಳಚಿ ಹಾಕುವ ಕೀಲಿನ ಗುಟ್ಟು ಸದ್ಯ ನನ್ನಲ್ಲೇ ಇರಲಿ; ಅದಿಲ್ಲದೆಯೂ ಇನ್ನೊಂದು ಗ್ವಾನಿನ್ ಕತ್ತರಿಸಿ ಇದನ್ನು ನೋಡಬಹುದು.