ತಡವಾದ ಉಂಡಿಗೆ ಬರೆದ ಕ್ಷಮೆಯ ಮೇಲ್: ನಾನು ತಿದ್ದಿದ ಬಗೆ

ಪಿಂಪ್ರಿಯಲ್ಲಿ ನಾನು ಮತ್ತು ನನ್ನ ತಮ್ಮ ಸೇರಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಂಡಿಗಳನ್ನು ಧಾರವಾಡದಿಂದ ತರಿಸಿ ಪುಣೆ, ಮುಂಬೈಯ ಕನ್ನಡ ಮನೆಗಳಿಗೆ ಕಳಿಸುತ್ತೇವೆ. ಒಂದು ಮಳೆಗಾಲ ಕೊಲ್ಹಾಪುರದ ಹತ್ತಿರ ಪಂಚಗಂಗೆ ಉಕ್ಕಿ ಹೆದ್ದಾರಿ ಬಂದ್ ಆಯಿತು. ನಾಗರಪಂಚಮಿಯ ಉಂಡಿ ಹೊತ್ತ ಲಾರಿ ಅಲ್ಲೇ ನಿಂತಿತು.

ಗ್ರಾಹಕರಿಗೆ ಕಳಿಸೋಣ ಅಂತ ತಮ್ಮ ಒಂದು ಮೇಲ್ ಬರೆದ:

"ಭಾರೀ ಮಳೆಯಿಂದ ರಸ್ತೆ ಬಂದ್ ಆಗಿರುವುದು ನಿಮಗೂ ಗೊತ್ತು. ಇದು ನಮ್ಮ ಕೈಮೀರಿದ್ದು. 3ರಿಂದ 5 ದಿನ ಎಂಬುದು ಅಂದಾಜು ಮಾತ್ರ. ನಾವು ಹಗಲಿರುಳು ಪ್ರಯತ್ನಿಸುತ್ತಿದ್ದೇವೆ. ತೊಂದರೆ ಆಗಿದ್ದರೆ ಕ್ಷಮಿಸಿ."

ಇದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ದುಡ್ಡು ಕಟ್ಟಿ ಕಾಯುತ್ತಿರುವವರ ಜಾಗದಲ್ಲಿ ಕೂತು ಓದಿದೆ. ಉಂಡಿ ಹಬ್ಬಕ್ಕೆ ಬರುತ್ತಾ? ಬರದಿದ್ದರೆ ನಾನು ಏನು ಮಾಡಲಿ? ನನ್ನ ದುಡ್ಡು? ಈ ಮೂರಕ್ಕೂ ಉತ್ತರವೇ ಇಲ್ಲ, ಇಡೀ ಮೇಲ್ ನಮ್ಮನ್ನು ಕಾಪಾಡಿಕೊಳ್ಳುವುದರಲ್ಲೇ ಮುಗಿದಿದೆ.

ಮೊದಲು "ಅಂದಾಜು ಮಾತ್ರ" ತೆಗೆದೆ. ಸಿಟ್ಟಲ್ಲಿರುವವರಿಗೆ ನಿಯಮ ತೋರಿಸಿದರೆ ಜಗಳಕ್ಕೆ ಕರೆದ ಹಾಗೆ. "ಆಗಿದ್ದರೆ" ಕೂಡ ಹೋಯಿತು, ತೊಂದರೆ ಆಗಿದೆ ಅಲ್ವಾ? ಮಳೆಯನ್ನು ಮಾತ್ರ ಪೂರ್ತಿ ತೆಗೆಯಲಿಲ್ಲ. ಕಾರಣ ಹೇಳದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅನಿಸುತ್ತದೆ. ಅದಕ್ಕೆ ಒಂದೇ ವಾಕ್ಯ ಸಾಕು, ಅದೂ ಕ್ಷಮೆಯ ನಂತರ.

ಜಾಸ್ತಿ ಹೊತ್ತು ಹಿಡಿದದ್ದು ದಿನಾಂಕ. ರಸ್ತೆ ಯಾವಾಗ ತೆರೆಯುತ್ತದೆ ಅಂತ ಡ್ರೈವರ್‌ಗೂ ಗೊತ್ತಿರಲಿಲ್ಲ. "ಆದಷ್ಟು ಬೇಗ" ಅಂತ ಬರೆದಿದ್ದರೆ ಜನ ಹಬ್ಬದ ಬೆಳಿಗ್ಗೆವರೆಗೂ ಕಾಯುತ್ತಿದ್ದರು, ಬರುವುದಿಲ್ಲ ಅಂತ ಈಗಲೇ ಹೇಳಿದರೆ ಮನೆಯಲ್ಲೇ ಶೇಂಗಾ ಹುರಿದು ಉಂಡಿ ಕಟ್ಟಿಕೊಳ್ಳಬಹುದು. ಗೊತ್ತಿಲ್ಲದ ದಿನಾಂಕ ಕೊಡುವುದು ಇನ್ನೂ ಕೆಟ್ಟದ್ದು, ಅದು ತಪ್ಪಿದರೆ ಎರಡನೇ ಕ್ಷಮೆಯನ್ನು ಯಾರೂ ನಂಬುವುದಿಲ್ಲ. ಸಬ್ಜೆಕ್ಟ್ ಸಾಲಿನಲ್ಲೇ ಬರೆದೆ: "ನಿಮ್ಮ ಉಂಡಿ ಪಂಚಮಿಗೆ ತಲುಪುವುದಿಲ್ಲ, ಕ್ಷಮಿಸಿ". ಒಳಗೆ ಹೀಗೆ:

"ನಮಸ್ಕಾರ. ಹಬ್ಬಕ್ಕೆಂದು ನೀವು ತರಿಸಿದ ಉಂಡಿಯನ್ನು ನಾವು ಸಮಯಕ್ಕೆ ತಲುಪಿಸಲು ಆಗುತ್ತಿಲ್ಲ. ಕ್ಷಮಿಸಿ. ಕೊಲ್ಹಾಪುರದ ಹತ್ತಿರ ನೆರೆ ಬಂದು ಲಾರಿ ನಿಂತಿದೆ. ರಸ್ತೆ ತೆರೆಯುವ ದಿನ ನಮಗಿನ್ನೂ ಗೊತ್ತಿಲ್ಲ. ಪೂರ್ತಿ ಹಣ ವಾಪಸ್ ಬೇಕಿದ್ದರೆ 'ಹಣ' ಎಂದು, ತಡವಾದರೂ ಸರಿ ಎಂದರೆ 'ಕಳಿಸಿ' ಎಂದು ಇದೇ ಮೇಲ್‌ಗೆ ಉತ್ತರಿಸಿ. ನಾಳೆ ಸಂಜೆ ಮತ್ತೆ ಬರೆಯುತ್ತೇವೆ, ಹೊಸ ಸುದ್ದಿ ಇಲ್ಲದಿದ್ದರೂ."

ಮುಂದಿನ ಆರ್ಡರ್‌ಗೆ ರಿಯಾಯಿತಿ ಕೂಪನ್ ಸೇರಿಸೋಣ ಅಂದ ತಮ್ಮ. ಬೇಡ ಅಂದೆ, ಕ್ಷಮೆ ಕೇಳುತ್ತಲೇ ಮತ್ತೆ ಮಾರಲು ಹೊರಟ ಹಾಗೆ ಕಾಣುತ್ತದೆ. ಇನ್ನೊಂದು ವಿಷಯ, ಬರೀ ರೊಟ್ಟಿ, ಚಟ್ನಿ ತರಿಸಿದವರಿಗೆ ಈ ಮೇಲ್ ಹೋಗಲಿಲ್ಲ. ಅವರಿಗೆ ಹಬ್ಬದ ಗಡುವು ಇರಲಿಲ್ಲ, ಹಾಗಾಗಿ ಅವರ ಪಟ್ಟಿ ಬೇರೆ ಮಾಡಿ ಚಿಕ್ಕದೊಂದು ಸುದ್ದಿ ಕಳಿಸಿದೆ.

'ಹಣ' ಅಂತ ಬರೆದವರಿಗೆ ಅವತ್ತೇ ಯುಪಿಐ ಮಾಡಿದೆವು. ಮರುದಿನ ಸಂಜೆ ಲಾರಿ ಇನ್ನೂ ನಿಂತೇ ಇತ್ತು, ಅದನ್ನೇ ಬರೆದು ಕಳಿಸಿದೆವು.