ಗಾಡಿ ತಡ, ತೂಕ ಕಡಿಮೆ: ಸಪ್ಲೈಯರ್‌ಗೆ ಇಮೇಲ್ ಬರೆಯುವುದು ಹೇಗೆ?

ಹೋಟೆಲಿನವರು ಸಪ್ಲೈಯರ್‌ಗೆ ಬರೆಯುವ ತಕರಾರಿನ ಇಮೇಲ್‌ಗಳಲ್ಲಿ ಸಿಟ್ಟು ಬೇಕಾದಷ್ಟು ಇರುತ್ತದೆ, ಬಿಲ್ ನಂಬರ್ ಮಾತ್ರ ಇರುವುದಿಲ್ಲ. "ಯಾವಾಗಲೂ ಲೇಟು, ಯಾವಾಗಲೂ ಕಡಿಮೆ" ಎಂದು ಬರೆದರೆ ಆ ಕಡೆಯಿಂದ "ನೋಡ್ತೀವಿ ಸಾರ್" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಮುಗಿಯಿತು.

ತೀರ್ಥಹಳ್ಳಿಯ ಒಂದು ಹೋಟೆಲ್ ಎಂದಿಟ್ಟುಕೊಳ್ಳಿ. ಶಿವಮೊಗ್ಗದಿಂದ ಬೆಳಿಗ್ಗೆ 5.30ರೊಳಗೆ ಬರಬೇಕಿದ್ದ ತರಕಾರಿ ಗಾಡಿ 8.10ಕ್ಕೆ ಬಂತು. 15 ಕೆಜಿ ಬೀನ್ಸ್‌ಗೆ 11.4 ಕೆಜಿ, 10 ಕೆಜಿ ಪನೀರ್‌ಗೆ 8 ಕೆಜಿ ಸಿಕ್ಕಿತು. ಬಿಲ್ಲಿನಲ್ಲಿ ಮಾತ್ರ ಎಲ್ಲವೂ ಪೂರ್ತಿ.

ಮೊದಲು ಗಾಡಿಯ ಹತ್ತಿರ

ಎಲ್ಲರೂ ಎಡವುವುದು ಇಲ್ಲೇ. ಗಾಡಿ ಹೋದ ಮೇಲೆ ತೂಕ ಹಾಕಿದರೆ ಇಮೇಲ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಡ್ರೈವರ್ ನಿಂತಿರುವಾಗಲೇ ತೂಗಿ. ಖಾಲಿ ಕ್ರೇಟನ್ನೂ ತೂಗಿ. ಈ ಲೋಡಿನಲ್ಲಿ ಬೀನ್ಸ್ ಎರಡು ಕ್ರೇಟ್‌ನಲ್ಲಿ ಬಂದಿತ್ತು, ತಕ್ಕಡಿ 14.8 ತೋರಿಸಿತು. "ಸರಿ ಇದೆಯಲ್ಲ" ಎಂದು ಸಹಿ ಹಾಕುವುದು ಸುಲಭ. ಆದರೆ ಒಂದೊಂದು ಕ್ರೇಟೇ 1.7 ಕೆಜಿ. ಅದನ್ನು ಕಳೆದರೆ ಉಳಿಯುವುದು 11.4. ದಾರಿಯಲ್ಲಿ ಬಾಡಿ ನೂರಿನ್ನೂರು ಗ್ರಾಂ ಕಡಿಮೆಯಾದರೆ ಜಗಳ ಬೇಡ. ಮೂರೂವರೆ ಕೆಜಿ ಬಾಡಿ ಹೋಗುವುದಿಲ್ಲ.

ಬಂದ ಹೊತ್ತು, ಬಂದ ತೂಕ ಎರಡನ್ನೂ ಚಲನ್ ಮೇಲೆಯೇ ಬರೆದು ಡ್ರೈವರ್ ಸಹಿ ಹಾಕಿಸಿ. ಅವನು ಒಪ್ಪದಿದ್ದರೆ "ಡ್ರೈವರ್ ಸಹಿ ಹಾಕಲಿಲ್ಲ" ಎಂದೇ ಬರೆಯಿರಿ. ತಕ್ಕಡಿಯ ಅಂಕಿ, ಪಕ್ಕದಲ್ಲಿ ಚಲನ್, ಎರಡೂ ಒಂದೇ ಫೋಟೋದಲ್ಲಿ ಬರಲಿ. ಕೊಕ್ಕೆಗೆ ನೇತು ಹಾಕುವ ಅಗ್ಗದ ಸ್ಪ್ರಿಂಗ್ ತಕ್ಕಡಿ ಮಾತ್ರ ಬೇಡ. ಅದರ ಮುಳ್ಳನ್ನು ಯಾರೂ ನಂಬುವುದಿಲ್ಲ.

ಆಮೇಲೆ ಲೆಕ್ಕ

ಬೀನ್ಸ್ 3.6 ಕೆಜಿ, ಕೆಜಿಗೆ 70ರಂತೆ 252 ರೂಪಾಯಿ. ಪನೀರ್ 2 ಕೆಜಿ, 360ರಂತೆ 720. ಮಧ್ಯಾಹ್ನದ ಊಟದ ಆರ್ಡರ್‌ಗೆಂದು ಆ 2 ಕೆಜಿ ಪನೀರನ್ನು ಊರಲ್ಲೇ 420ರಂತೆ ಕೊಂಡಿರಿ, 840 ಆಯಿತು. ಈಗ 720, 840 ಎರಡನ್ನೂ ಕೇಳುತ್ತೀರಾ? ತುಂಬಾ ಜನ ಕೇಳುತ್ತಾರೆ, ಮರ್ಯಾದೆ ಕಳೆದುಕೊಳ್ಳುತ್ತಾರೆ. ಬಾರದ ಪನೀರಿಗೆ ನೀವು ದುಡ್ಡು ಕೊಡುತ್ತಿಲ್ಲ, ಆದ್ದರಿಂದ ಅದರ ಮೇಲೆ ಕೇಳಬಹುದಾದದ್ದು ವ್ಯತ್ಯಾಸದ 120 ಮಾತ್ರ. 252, 720, 120 ಸೇರಿ ಒಟ್ಟು 1,092.

ತಿಂಡಿಗೆ ಗಿರಾಕಿ ವಾಪಸ್ ಹೋದರು ಎಂದು ಐದು ಸಾವಿರ ಸೇರಿಸಬೇಡಿ. ಅದನ್ನು ತೋರಿಸಲು ನಿಮ್ಮ ಹತ್ತಿರ ಕಾಗದವಿಲ್ಲ. ಆ ಒಂದು ಸಾಲು ನೋಡಿದರೆ ಉಳಿದ ಸರಿಯಾದ ಲೆಕ್ಕವನ್ನೂ ಅವರು ಅನುಮಾನಿಸುತ್ತಾರೆ.

ಈಗ ಬರೆಯಿರಿ

ವಿಷಯದ ಸಾಲಿನಲ್ಲೇ ಬಿಲ್ ನಂಬರ್, ತಾರೀಕು, ಮೊತ್ತ ಇರಲಿ. ಒಳಗೆ ಇಷ್ಟು ಸಾಕು:

"ನಮಸ್ಕಾರ. ಬಿಲ್ ನಂ. 418ರ ಸರಕು 5.30ರ ಬದಲು 8.10ಕ್ಕೆ ತಲುಪಿದೆ. ಬೀನ್ಸ್ 3.6 ಕೆಜಿ, ಪನೀರ್ 2 ಕೆಜಿ ಕಡಿಮೆ ಬಂದಿದೆ. ಚಲನ್ ಮತ್ತು ತೂಕದ ಫೋಟೋ ಜೊತೆಗಿದೆ. ಕಡಿಮೆ ಬಂದ ಸರಕಿಗೆ 972 ರೂ. ಕ್ರೆಡಿಟ್ ನೋಟ್ ಕಳಿಸಿ. ಹೊರಗೆ ಕೊಂಡ ಪನೀರಿನ ವ್ಯತ್ಯಾಸ 120 ರೂ. ಕೂಡ ಕೊಡಬೇಕು, ಅದರ ರಸೀದಿಯೂ ಇದೆ. ಶುಕ್ರವಾರದೊಳಗೆ ಉತ್ತರ ಬೇಕು. ಬಿಲ್ಲಿನ ಉಳಿದ ಹಣವನ್ನು ವಾಯಿದೆಗೆ ಸರಿಯಾಗಿ ಕೊಡುತ್ತೇವೆ. ಮುಂದೆ ಗಾಡಿ ತಡವಾಗುವಂತಿದ್ದರೆ 4.30ರೊಳಗೆ ಫೋನ್ ಮಾಡಿ."

ಕೊನೆಯ ಎರಡು ಸಾಲು ಬಿಡಬೇಡಿ. ಇಡೀ ಬಿಲ್ ತಡೆಹಿಡಿದರೆ ತಪ್ಪು ನಿಮ್ಮದಾಗುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಕಡಿಮೆ ಬಂದ ಸರಕನ್ನು ನೀವು ಪೂರ್ತಿ ವಾಪಸ್ ಕಳಿಸಬಹುದು. ಇಟ್ಟುಕೊಂಡರೆ ಬಂದಷ್ಟಕ್ಕೆ ಒಪ್ಪಿದ ದರದಲ್ಲಿ ಹಣ ಕೊಡಲೇಬೇಕು. ಆದರೆ ಇಮೇಲ್‌ನಲ್ಲಿ ಸೆಕ್ಷನ್ ನಂಬರ್ ಹಾಕಬೇಡಿ, ಮೊದಲ ಪತ್ರಕ್ಕೆ ಅದು ಜಾಸ್ತಿಯಾಯಿತು.

ಫೋನಿನ ಸಾಲು ಮಳೆಗಾಲಕ್ಕೆ. ಮಂಡಗದ್ದೆ ಹತ್ತಿರ ಮರ ಬಿತ್ತು ಅನ್ನುತ್ತಾರೆ, ಒಮ್ಮೊಮ್ಮೆ ನಿಜವೂ ಹೌದು. ಅದಕ್ಕೇ ತಡವಾದದ್ದಕ್ಕೆ ದಂಡ ಕೇಳುವುದಕ್ಕಿಂತ ಮೊದಲೇ ತಿಳಿಸಿ ಎಂದು ಕೇಳುವುದು ಒಳ್ಳೆಯದು. ಗೊತ್ತಾದರೆ ಅಡುಗೆಯವರು ಪೂರಿ ಸಾಗು ಬಿಟ್ಟು ಅವಲಕ್ಕಿಗೆ ಹೋಗಬಹುದು. ಅಂದಹಾಗೆ, 5.30 ಎಂಬುದು ಆರ್ಡರ್‌ನಲ್ಲೇ ಬರೆದಿರಬೇಕು. "ಬೆಳಿಗ್ಗೆ ಬೇಗ" ಎಂದಿದ್ದರೆ ತಡದ ಮಾತೇ ನಿಲ್ಲುವುದಿಲ್ಲ.

ಫೋಟೋ, ಚಲನ್, ರಸೀದಿ ಲಗತ್ತಿಸಿ ಅದೇ ದಿನ ಕಳಿಸಿ. ವಾಟ್ಸಾಪ್ ವಾಯ್ಸ್ ಮೆಸೇಜ್ ಲೆಕ್ಕಕ್ಕಿಲ್ಲ.

"ಮುಂದಿನ ಲೋಡಲ್ಲಿ ಎರಡು ಕೆಜಿ ಜಾಸ್ತಿ ಹಾಕ್ತೀನಿ, ಬಿಡಿ" ಎಂದು ಫೋನ್ ಬರಬಹುದು. ನನ್ನ ಪ್ರಕಾರ ಒಪ್ಪಬೇಡಿ. ಪನೀರ್ ಆ ದಿನ ಬೇಕಿತ್ತು, ಮುಂದಿನ ವಾರ ಫ್ರಿಜ್‌ನಲ್ಲಿ ಹುಳಿಯಾಗಲು ಅಲ್ಲ. ಸ್ನೇಹಕ್ಕೆ ಒಪ್ಪಿದರೂ ಅದೇ ಇಮೇಲ್‌ಗೆ "ಫೋನಿನಲ್ಲಿ ಹೀಗೆ ಮಾತಾಯಿತು" ಎಂದು ಒಂದು ಸಾಲು ಉತ್ತರ ಹಾಕಿ, ತಿಂಗಳ ಕೊನೆಗೆ ಲೆಕ್ಕ ಕೂಡಿಸುವವರಿಗೆ ಅದರ ಪ್ರತಿ ಹೋಗಲಿ.