ಲಂಡನ್‌ಗೆ ಹೋಗಿ ಪ್ಯಾರಿಸ್‌ನಿಂದ ವಾಪಸ್, ನಡುವೆ ದುಬೈ: ಒಂದೇ ಟಿಕೆಟ್‌ನಲ್ಲಿ ಮಾಡಿಸಿದ ನನ್ನ ಅನುಭವ

"ಓಪನ್-ಜಾ ಒಳಗೆ ಸ್ಟಾಪ್‌ಓವರ್ ಬೇರೆ ತುರುಕ್ತೀಯಾ? ದರ ನಿಲ್ಲಲ್ಲ ಗುರು. ಎರಡು ಒನ್‌ವೇ ಮಾಡಿಕೊಟ್ಟು ಸುಮ್ನಿರು" ಎಂದು ಇನ್‌ಫೆಂಟ್ರಿ ರಸ್ತೆಯ ನನ್ನ ಸ್ನೇಹಿತ ಹೇಳಿದ್ದ. ಓಪನ್-ಜಾ ಅಂದರೆ ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಿಂದ ವಾಪಸ್ ಹೊರಡುವ ಟಿಕೆಟ್, ಸ್ಟಾಪ್‌ಓವರ್ ಅಂದರೆ ದಾರಿ ನಡುವಿನ ಊರಿನಲ್ಲಿ ತಂಗುವುದು. ಟಿಕೆಟಿಂಗ್‌ನಲ್ಲಿ ಅವನು ನನಗಿಂತ ಹಳಬ. ಇನ್ನಿಬ್ಬರು ಏಜೆಂಟರೂ ಅದೇ ರಾಗ ಹಾಡಿದರು. ಆ ಟಿಕೆಟ್ ಈಗ ಪೂರ್ತಿ ಹಾರಿ ಮುಗಿದಿದೆ, ಹೆಚ್ಚಿಗೆ ಒಂದು ರೂಪಾಯಿಯನ್ನೂ ಯಾರೂ ಕೇಳಲಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ಪಾರ್ಟಿ ಜಯನಗರದ ರಾಯರು ಮತ್ತು ಅವರ ಹೆಂಡತಿ, ನಿವೃತ್ತರು. ಮಗಳು ಲಂಡನ್‌ನಲ್ಲಿದ್ದಾಳೆ, ಅಲ್ಲಿ ಎರಡು ವಾರ. ಆಮೇಲೆ ಪ್ಯಾರಿಸ್ ನೋಡಬೇಕು. ವಾಪಸ್ ಬರುವಾಗ ದುಬೈನ ಭಾವಮೈದುನನ ಮನೆಯಲ್ಲಿ ಮೂರು ರಾತ್ರಿ. ಪ್ಯಾರಿಸ್ ನೋಡಿ ಮತ್ತೆ ಲಂಡನ್‌ಗೆ ಬಂದು ವಿಮಾನ ಹತ್ತುವುದು ಅವರಿಗೆ ಬೇಡ.

ದುಬೈ ಈ ಪ್ರಯಾಣದಲ್ಲಿ ಎರಡು ಸಲ ಬರುತ್ತದೆ. ಹೋಗುವಾಗ ಮೂರು ಗಂಟೆ ಕಾಯುವುದು ಲೇಓವರ್. ಬರುವಾಗ ಮೂರು ರಾತ್ರಿ ಇರುವುದು ಸ್ಟಾಪ್‌ಓವರ್. ಅಂತರರಾಷ್ಟ್ರೀಯ ಟಿಕೆಟ್‌ನಲ್ಲಿ ಗೆರೆ 24 ಗಂಟೆ, ಅದು ನಿಮಗೆಲ್ಲ ಗೊತ್ತು. ಆದರೆ ಮಲ್ಟಿ-ಸಿಟಿ ಫಾರ್ಮ್ ತುಂಬುವಾಗ ಅದನ್ನು ಮರೆತು ಕೂರುವವರೇ ಜಾಸ್ತಿ. ಸ್ನೇಹಿತನ ಆಫೀಸಿನಲ್ಲಿ ಹೀಗೆ ನಾಲ್ಕು ಸಾಲು ತುಂಬಿದ್ದರು: ಬೆಂಗಳೂರಿನಿಂದ ದುಬೈ, ದುಬೈನಿಂದ ಲಂಡನ್, ಪ್ಯಾರಿಸ್‌ನಿಂದ ದುಬೈ, ದುಬೈನಿಂದ ಬೆಂಗಳೂರು. ಒಬ್ಬರಿಗೆ ಲಕ್ಷದ ಮೂವತ್ತು ಸಾವಿರದ ಹತ್ತಿರ ಬಂತು. ಅದನ್ನು ನೋಡಿಯೇ ಅವನು ಆಗಲ್ಲ ಅಂದಿದ್ದು.

ಹಲವು ಸೈಟ್‌ಗಳು ಪ್ರತಿ ಸಾಲನ್ನೂ ಬೇರೆ ಪ್ರಯಾಣ ಎಂದೇ ಎಣಿಸುತ್ತವೆ. ಲೇಓವರ್ ಊರನ್ನು ಸಾಲಿನಲ್ಲಿ ಬರೆದರೆ ಅಲ್ಲಿ ಇಳಿಯುತ್ತೇನೆ ಎಂದು ನಾವೇ ಹೇಳಿದ ಹಾಗೆ. ಇಳಿದು ಉಳಿಯುವ ಊರನ್ನಷ್ಟೇ ಬರೆಯಬೇಕು. ನಾನು ತುಂಬಿದ್ದು ಇಷ್ಟೇ:

```
1  BLR - LHR
2  CDG - DXB
3  DXB - BLR
```

ಮೊದಲ ಸಾಲು ಲಂಡನ್‌ನಲ್ಲಿ ಮುಗಿದು ಎರಡನೆಯದು ಪ್ಯಾರಿಸ್‌ನಲ್ಲಿ ಶುರುವಾಗುತ್ತದೆ. ಆ ತೆರೆದ ಬಾಯೇ ಓಪನ್-ಜಾ. ಹೋಗುವಾಗಿನ ದುಬೈ ಎಲ್ಲಿಯೂ ಕಾಣುವುದಿಲ್ಲ, ಅದನ್ನು ಸಿಸ್ಟಂ ತಾನೇ ಹಾಕಿಕೊಳ್ಳುತ್ತದೆ. ದರ ಸರಿಯಾಗಿ ಕೂತಿದೆಯೋ ಇಲ್ಲವೋ ಅನ್ನುವುದಕ್ಕೆ ಫೇರ್ ಲೈನ್, ಅಂದರೆ ಟಿಕೆಟ್‌ನ ದರ ಹೇಗೆ ಕಟ್ಟಿದೆ ಎಂದು ತೋರಿಸುವ ಸಾಲು, ನೋಡಿ. ಮೊತ್ತಗಳನ್ನು ತೆಗೆದರೆ ನನ್ನದು ಹೀಗಿತ್ತು:

```
BLR EK X/DXB EK LON /-PAR EK DXB EK BLR
```

`EK` ಅಂದರೆ ಎಮಿರೇಟ್ಸ್. ಮೊದಲ ದುಬೈ ಹಿಂದೆ `X/` ಇದೆ, ಅಂದರೆ ಅದು ಬರೀ ಕನೆಕ್ಷನ್. ಎರಡನೆಯ ದುಬೈಗೆ ಅದಿಲ್ಲ, ಅಲ್ಲಿ ಸ್ಟಾಪ್‌ಓವರ್. ಲಂಡನ್ ಮತ್ತು ಪ್ಯಾರಿಸ್ ನಡುವಿನ `/-` ನೆಲದ ಮೇಲೆ ನಮ್ಮ ಖರ್ಚಿನಲ್ಲಿ ಹೋಗುವ ದಾರಿ. ನೋಡಬೇಕಾದ್ದು ಮೊತ್ತ ಎಲ್ಲಿ ಬಿದ್ದಿದೆ ಅಂತ. ಲಂಡನ್ ಆದಮೇಲೆ ಒಂದು, ಕೊನೆಯ ಬೆಂಗಳೂರು ಆದಮೇಲೆ ಒಂದು ಮೊತ್ತ ಇದ್ದರೆ ಸರಿ. ಲಂಡನ್ ರೌಂಡ್ ಟ್ರಿಪ್‌ನ ಅರ್ಧ, ಪ್ಯಾರಿಸ್ ರೌಂಡ್ ಟ್ರಿಪ್‌ನ ಅರ್ಧ ಸೇರಿ ಟಿಕೆಟ್ ಆಗಿದೆ ಎಂದರ್ಥ. ದುಬೈ ಪಕ್ಕದಲ್ಲೂ ಮೊತ್ತ ಕಂಡರೆ ದರ ಅಲ್ಲಿ ಮುರಿದಿದೆ. ಸ್ನೇಹಿತನ ನಾಲ್ಕು ಸಾಲಿನದ್ದು ಎರಡೂ ಕಡೆ ಮುರಿದಿತ್ತು.

ಮೂರು ಸಾಲು ಹಾಕಿದ ತಕ್ಷಣ ಕೆಲಸ ಆಯಿತು ಅಂದುಕೊಳ್ಳಬೇಡಿ. ಅತಿ ಅಗ್ಗದ ದರದಲ್ಲಿ ದುಬೈ ಸ್ಟಾಪ್‌ಓವರ್ ಸಿಗಲೇ ಇಲ್ಲ. ಅದರ ನಿಯಮದ 8ನೇ ಕೆಟಗರಿಯಲ್ಲಿ ಸ್ಟಾಪ್‌ಓವರ್ ಇಲ್ಲ ಎಂದು ಸ್ಪಷ್ಟವಾಗಿತ್ತು. ಅದಕ್ಕಿಂತ ಮೇಲಿನ ದರಕ್ಕೆ ಹೋದರೆ ಒಬ್ಬರಿಗೆ 92 ಸಾವಿರ ಚಿಲ್ಲರೆ. ಎರಡು ಒನ್‌ವೇ ಲೆಕ್ಕ ಹಾಕಿದೆ, ಲಕ್ಷ ದಾಟಿತು. ಬರೀ ಲಂಡನ್ ಹೋಗಿ ಬರುವುದಾದರೆ 70 ಸಾವಿರದ ಆಸುಪಾಸು ಇತ್ತು. ರಾಯರು ಕಾಗದದ ಮೇಲೆ ಎಲ್ಲ ಬರೆದುಕೊಂಡು, "22 ಸಾವಿರ ಕೊಟ್ಟು ಭಾವಮೈದುನನ ಮನೆ ಊಟ ಮಾಡ್ಬೇಕಾ?" ಅಂದರು. ನ್ಯಾಯವಾದ ಪ್ರಶ್ನೆ.

ಇಲ್ಲಿ ನನಗೆ ಹೊಳೆದದ್ದು ಇಷ್ಟು. ಸ್ಟಾಪ್‌ಓವರ್ ಇರುವುದು ವಾಪಸ್ ಬರುವ ಅರ್ಧದಲ್ಲಿ ಮಾತ್ರ. ಹಾಗಿದ್ದ ಮೇಲೆ ಹೋಗುವ ಅರ್ಧಕ್ಕೂ ಮೇಲಿನ ದರ ಯಾಕೆ ಕೊಡಬೇಕು? 10ನೇ ಕೆಟಗರಿ ತೆಗೆದು ಓದಿದೆ. ಎರಡು ದರಗಳನ್ನು ಅರ್ಧರ್ಧ ಜೋಡಿಸಲು ಒಪ್ಪಿಗೆ ಇತ್ತು, ಓಪನ್-ಜಾಗೂ ಒಪ್ಪಿಗೆ ಇತ್ತು. ಮಲ್ಟಿ-ಸಿಟಿ ಹಾಕಿದರೆ ಎಷ್ಟೋ ಸೈಟ್‌ಗಳು ಎಲ್ಲ ಸಾಲಿಗೂ ಒಂದೇ ಬಗೆಯ ದರ ಹಿಡಿಯುತ್ತವೆ. ಅದಕ್ಕೇ ಈ ಜೋಡಣೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೋಗುವುದು ಅಗ್ಗದ ದರ, ಬರುವುದು ಮೇಲಿನ ದರ, ಎರಡೂ ಒಂದೇ ಟಿಕೆಟ್ ನಂಬರಿನಲ್ಲಿ. ಒಬ್ಬರಿಗೆ 78 ಸಾವಿರಕ್ಕೆ ಬಂತು. ಇದನ್ನು ಸಿಸ್ಟಂನಿಂದ ಯಾವ ಎಂಟ್ರಿ ಹಾಕಿ ಹೊರಡಿಸಿದೆ, ವಾರದ ಯಾವ ದಿನ ಹಿಡಿದೆ ಅನ್ನುವುದನ್ನು ಮಾತ್ರ ಕೇಳಬೇಡಿ. ಅದು ನನ್ನ ಹೊಟ್ಟೆಪಾಡು.

ಇದಕ್ಕೊಂದು ಬೆಲೆಯೂ ಇದೆ. ಹೀಗೆ ಜೋಡಿಸಿದಾಗ ರದ್ದತಿಗೆ ಸಾಮಾನ್ಯವಾಗಿ ಎರಡರಲ್ಲಿ ಬಿಗಿಯಾದ ನಿಯಮವೇ ಇಡೀ ಟಿಕೆಟ್‌ಗೆ ಅನ್ವಯಿಸುತ್ತದೆ. ಮೇಲಿನ ದರ ಕೊಟ್ಟಿದ್ದೇವಲ್ಲ, ರೀಫಂಡ್ ಸುಲಭ ಎಂದುಕೊಂಡರೆ ಆಗುವುದಿಲ್ಲ. ರಾಯರಿಗೆ ಇದನ್ನು ಮೊದಲೇ ಹೇಳಿ, ಬರವಣಿಗೆಯಲ್ಲೇ ಕೊಟ್ಟೆ.

ಈಗ ದುಡ್ಡಿನ ಇನ್ನೊಂದು ಕಡೆ. ಬ್ರಿಟನ್‌ನಿಂದ ಹೊರಡುವ ವಿಮಾನಕ್ಕೆ ಏರ್ ಪ್ಯಾಸೆಂಜರ್ ಡ್ಯೂಟಿ ಬೀಳುತ್ತದೆ. ಟಿಕೆಟ್‌ನಲ್ಲಿ ಅದು `GB` ಎಂಬ ತೆರಿಗೆ ಕೋಡ್. ಭಾರತದ ದೂರಕ್ಕೆ ಎಕಾನಮಿಯಲ್ಲಿ 2025ರ ಏಪ್ರಿಲ್‌ನಿಂದ 90 ಪೌಂಡ್ ಇತ್ತು, 2026ರ ಏಪ್ರಿಲ್‌ನಿಂದ 102. ಬ್ರಿಟನ್‌ಗೆ ಬಂದಿಳಿಯುವುದಕ್ಕೆ ಇದಿಲ್ಲ. ರಾಯರು ಹೋಗಿದ್ದು 90 ಪೌಂಡ್ ಇದ್ದಾಗ. ಲಂಡನ್‌ನಲ್ಲಿ ಇಳಿದು ಪ್ಯಾರಿಸ್‌ನಿಂದ ಹೊರಟಿದ್ದರಿಂದ ಒಬ್ಬೊಬ್ಬರಿಗೆ ಹತ್ತು ಸಾವಿರದ ಮೇಲೆ ಉಳಿಯಿತು. ಪ್ಯಾರಿಸ್‌ನಲ್ಲೂ ತೆರಿಗೆ ಇದೆ, ಆದರೆ ನಮ್ಮ ಲೆಕ್ಕದಲ್ಲಿ ಅದು ಕಡಿಮೆಯೇ ಬಂತು. ಮುಂಚೆಯೇ ಬುಕ್ ಮಾಡಿದ್ದರಿಂದ ಸೇಂಟ್ ಪ್ಯಾಂಕ್ರಸ್‌ನಿಂದ ಪ್ಯಾರಿಸ್‌ನ ಗಾರ್ ದ್ಯು ನೋರ್‌ಗೆ ಯೂರೋಸ್ಟಾರ್ ಏಳೆಂಟು ಸಾವಿರಕ್ಕೆ ಸಿಕ್ಕಿತು. ರೈಲಿನ ದುಡ್ಡು ತೆರಿಗೆಯಲ್ಲೇ ಹುಟ್ಟಿತು ಅನ್ನಿ.

ಈ `GB` ಕೈಗೆ ಸಿಕ್ಕ ಮೇಲೆ ಒಂದು ಸಂಜೆ ಬೇರೆ ಆಟ ಆಡಿದೆ. ಪ್ಯಾರಿಸ್‌ನಿಂದ ಲಂಡನ್ ಮೇಲೆ ಬೆಂಗಳೂರಿಗೆ ಒಂದೇ ಟಿಕೆಟ್ ಕಟ್ಟಿ, ಲಂಡನ್‌ನಲ್ಲಿ ಕಾಯುವ ಸಮಯವನ್ನು ಮಾತ್ರ ಬದಲಾಯಿಸುತ್ತ ಹೋದೆ. ಇಪ್ಪತ್ತು ಗಂಟೆ ಇಟ್ಟಾಗ ಲಂಡನ್ ಹಿಂದೆ `X/` ಬಂತು, ತೆರಿಗೆ ಪಟ್ಟಿಯಲ್ಲಿ `GB` ಇಲ್ಲ. ಮುಂದಿನ ವಿಮಾನಕ್ಕೆ ತಳ್ಳಿ 24 ಗಂಟೆ ದಾಟಿಸಿದೆ. `X/` ಹೋಯಿತು, `GB` ಬಂದು ಕೂತಿತು. ಬ್ರಿಟನ್ ವೀಸಾ ಇರುವವರಿಗೆ ಇದರಲ್ಲಿ ಲಂಡನ್‌ನಲ್ಲಿ ಒಂದು ರಾತ್ರಿ ದಕ್ಕುತ್ತದೆ, ದರದ ಮಟ್ಟಿಗೆ ಅದು ಬರೀ ಲೇಓವರ್. ಲಗೇಜ್ ಮಾತ್ರ ಕೌಂಟರ್‌ನಲ್ಲೇ ಕೇಳಿಕೊಳ್ಳಬೇಕು. ಲೇಓವರ್ ಆದರೆ ಸಾಮಾನ್ಯವಾಗಿ ಬೆಂಗಳೂರಿಗೇ ಟ್ಯಾಗ್ ಹಾಕುತ್ತಾರೆ, ರಾತ್ರಿ ಬಟ್ಟೆ ಕೈಚೀಲದಲ್ಲಿರಲಿ. ಸ್ಟಾಪ್‌ಓವರ್ ಆದರೆ ಇಳಿಸಿಕೊಂಡು ಮತ್ತೆ ಚೆಕ್‌ಇನ್ ಮಾಡಬೇಕು.

ತೀರ ಅಂಚಿಗೆ ಹೋಗುವುದೂ ಒಳ್ಳೆಯದಲ್ಲ. ಹಿಂದೆ ಒಂದು ಪಾರ್ಟಿಗೆ ಇಪ್ಪತ್ಮೂರು ಗಂಟೆಯ ಲೇಓವರ್ ಹಾಕಿದ್ದೆ. ಏರ್‌ಲೈನ್ ತಾನೇ ಎರಡನೇ ವಿಮಾನದ ಸಮಯ ಬದಲಿಸಿತು, 25 ಗಂಟೆ ಆಯಿತು. ಕಾಲ್ ಸೆಂಟರ್‌ನವರು ಈಗ ಇದು ಸ್ಟಾಪ್‌ಓವರ್, ವ್ಯತ್ಯಾಸ ಕಟ್ಟಿ ಅಂದರು. ವೇಳಾಪಟ್ಟಿ ಬದಲಿಸಿದ್ದು ನೀವು, ಪ್ರಯಾಣಿಕ ಅಲ್ಲ ಎಂದು ಹಳೆಯ ಮತ್ತು ಹೊಸ ಸಮಯ ಎರಡನ್ನೂ ಹಾಕಿ ಮೇಲ್ ಬರೆದೆ. ಒಂದು ವಾರ ಎಳೆದಾಡಿ ಬಿಟ್ಟರು. ಆವತ್ತಿನಿಂದ ಇಪ್ಪತ್ತೆರಡು ಗಂಟೆ ಮೀರಿ ಕಟ್ಟುವುದಿಲ್ಲ.

ರಾಯರ ಕಥೆಗೆ ಬರುತ್ತೇನೆ. ಟಿಕೆಟ್ ಕೈಗೆ ಬಂದ ಸಂಜೆಯೇ ಫೋನ್. "ಏನಪ್ಪಾ, ಲಂಡನ್‌ನಿಂದ ಪ್ಯಾರಿಸ್‌ಗೆ ವಿಮಾನಾನೇ ಇಲ್ವಲ್ಲ! ಅಲ್ಲಿ `ARNK` ಅಂತ ಏನೋ ಬರೆದಿದೆ." ನಡುವಿನ ದಾರಿ ಟಿಕೆಟ್‌ಗೆ ಸಂಬಂಧಿಸಿದ್ದಲ್ಲ ಎಂದು ತೋರಿಸಲು ಸಿಸ್ಟಂ ಹಾಕುವ ಗುರುತು ಅದು, ಹೆದರಬೇಡಿ ಸರ್ ಎಂದೆ. ಷೆಂಗೆನ್ ವೀಸಾ ಫೈಲಿನಲ್ಲಿ ಮಾತ್ರ ಇದನ್ನು ಹಾಗೇ ಬಿಡಬಾರದು. ಟಿಕೆಟ್ ನೋಡಿದರೆ ಪ್ಯಾರಿಸ್‌ನಿಂದ ಹೊರಡುವುದು ಕಾಣುತ್ತದೆ, ಒಳಗೆ ಬರುವುದು ಕಾಣುವುದಿಲ್ಲ. ರೈಲಿನ ಟಿಕೆಟ್ ಜೊತೆಗೆ ಲಗತ್ತಿಸಿ ಕೊಟ್ಟೆ. ಬ್ರಿಟನ್ ವೀಸಾ ಬೇರೆ, ದುಬೈ ವೀಸಾ ಬೇರೆ. ಲೇಓವರ್‌ನಲ್ಲಿ ಏರ್‌ಪೋರ್ಟ್ ಒಳಗೇ ಕೂತರೆ ದುಬೈ ವೀಸಾ ಬೇಕಾಗಿರಲಿಲ್ಲ, ಮೂರು ರಾತ್ರಿಗೆ ಬೇಕೇ ಬೇಕು. ಆ ಖರ್ಚನ್ನು 78 ಸಾವಿರದ ಪಕ್ಕದಲ್ಲಿ ಬರೆದು ತೋರಿಸಿದ ಮೇಲೆಯೇ ಅಡ್ವಾನ್ಸ್ ತೆಗೆದುಕೊಂಡಿದ್ದೆ.

ರೈಲು ತಪ್ಪಿದರೆ ವಿಮಾನದವರು ಕಾಯುವುದಿಲ್ಲ, ಅದು ಅವರ ಜವಾಬ್ದಾರಿಯೂ ಅಲ್ಲ. ಪ್ಯಾರಿಸ್ ಸುತ್ತಾಟಕ್ಕೆ ನಾಲ್ಕು ರಾತ್ರಿ ಇದ್ದುದರಿಂದ ಇವರಿಗೆ ಆ ಭಯ ಇರಲಿಲ್ಲ. ರೈಲು ಇಳಿದ ದಿನವೇ ವಿಮಾನ ಹತ್ತುವ ಪ್ಲಾನ್ ತಂದರೆ ನಾನು ಬುಕ್ಕಿಂಗ್ ಮಾಡುವುದೇ ಇಲ್ಲ. ಮೊದಲ ಕೂಪನ್, ಅಂದರೆ ಟಿಕೆಟ್‌ನ ಮೊದಲ ವಿಮಾನ, ಬಿಟ್ಟು ಮುಂದಿನದ್ದನ್ನು ಹಾರುವಂತಿಲ್ಲ ಅನ್ನುವುದನ್ನೂ ಒತ್ತಿ ಹೇಳಿದೆ. ಮಗಳು ಬೆಂಗಳೂರಿಗೆ ಬಂದು ಕರೆದುಕೊಂಡು ಹೋದರೆ ಲಂಡನ್ ಸೀಟು ಸುಮ್ನೆ ಬಿಡಬಹುದಾ ಎಂದು ಅವರು ಕೇಳಿದ್ದರು. ಬಿಟ್ಟಿದ್ದರೆ ಪ್ಯಾರಿಸ್‌ನಿಂದ ವಾಪಸ್ ಬರುವುದೂ ರದ್ದಾಗುತ್ತಿತ್ತು.

ಇನ್‌ಫೆಂಟ್ರಿ ರಸ್ತೆಯವನು ಈಗ ತನ್ನದೊಂದು ಕೇಸ್ ಕಳಿಸಿದ್ದಾನೆ. ಬೆಂಗಳೂರಿನಿಂದ ಲಂಡನ್, ವಾಪಸ್ ಇಸ್ತಾಂಬುಲ್‌ನಿಂದ. ಬಾಯಿ ಇಲ್ಲಿ ದೊಡ್ಡದು. ಬಹಳಷ್ಟು ದರಗಳಲ್ಲಿ ತೆರೆದ ಭಾಗದ ದೂರ ಹಾರುವ ಅರ್ಧಗಳಿಗೆ ಹೋಲಿಸಿದರೆ ಹೆಚ್ಚಿರಬಾರದು. ಲಂಡನ್–ಇಸ್ತಾಂಬುಲ್ ಎರಡೂವರೆ ಸಾವಿರ ಕಿಲೋಮೀಟರ್, ಇಸ್ತಾಂಬುಲ್–ಬೆಂಗಳೂರು ಅದರ ಎರಡು ಪಟ್ಟಿಗಿಂತ ಜಾಸ್ತಿ. ದೂರಕ್ಕೆ ತೊಂದರೆ ಇಲ್ಲ. 10ನೇ ಕೆಟಗರಿ ಓದಿ ನೋಡು ಅಂದಿದ್ದೇನೆ, ಇನ್ನೂ ಓದಿಲ್ಲ.